ನಲವತ್ತೆಂಟು ಮನೆ, ಒಂದೇ ತಾರಸಿ

ಬೆಂಗಳೂರಿನ ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಸಭೆಯಲ್ಲಿ ಮಳೆನೀರು ಕೊಯ್ಲಿನ ಮಾತು ಬಂದರೆ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: “ಇದನ್ನ ಮಾಡಿಸಿದ್ರೆ ಟ್ಯಾಂಕರ್ ನಿಲ್ಲತ್ತಾ ಸಾರ್?”

ನಿಲ್ಲುವುದಿಲ್ಲ. ಗುತ್ತಿಗೆದಾರ ನಿಲ್ಲುತ್ತದೆ ಎಂದರೆ ಅವನ ಕೊಟೇಶನ್ನನ್ನು ಅಲ್ಲೇ ಪಕ್ಕಕ್ಕಿಡಬಹುದು. ಹಾಗೆಂದು ಕೆಲಸವನ್ನೇ ಕೈಬಿಡಬೇಕಿಲ್ಲ. ಎಷ್ಟು ಸಿಗುತ್ತದೆ ಎಂದು ಮೊದಲು ಲೆಕ್ಕ ಹಾಕಿಕೊಂಡರೆ ಸಾಕು. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 970 ಮಿಲಿಮೀಟರ್ ಆಸುಪಾಸು ಮಳೆಯಾಗುತ್ತದೆ. ಆವಿಯಾಗಿ, ಸೋರಿ, ತಾರಸಿ ಹೀರಿಕೊಂಡು ಐದರಲ್ಲೊಂದು ಪಾಲು ಹೋಯಿತೆಂದೇ ಇಟ್ಟುಕೊಳ್ಳೋಣ.

ನಾಲ್ಕು ಮಹಡಿಯಲ್ಲಿ 48 ಮನೆಗಳಿರುವ ಒಂದು ಕಟ್ಟಡವನ್ನು ಊಹಿಸಿಕೊಳ್ಳಿ. ತಾರಸಿ ಹತ್ತು ಸಾವಿರ ಚದರ ಅಡಿ, ಅಂದರೆ ಸುಮಾರು 930 ಚದರ ಮೀಟರ್. ವರ್ಷವಿಡೀ ಅಲ್ಲಿಂದ ಇಳಿಯುವ ನೀರು ಏಳು ಲಕ್ಷ ಲೀಟರಿಗೆ ತುಸು ಹೆಚ್ಚು. ಕೇಳಲು ದೊಡ್ಡ ಮೊತ್ತವೇ. ಆದರೆ ಮನೆಗೆ ಮೂರೂವರೆ ಜನ, ತಲೆಗೆ ದಿನಕ್ಕೆ 135 ಲೀಟರ್ ಎಂದರೆ ಕಟ್ಟಡಕ್ಕೆ ಬೇಕಾಗುವುದು ವರ್ಷಕ್ಕೆ 82 ಲಕ್ಷ ಲೀಟರ್. ಬಿದ್ದ ಹನಿಯನ್ನೆಲ್ಲ ಹಿಡಿದರೂ ಶೇಕಡಾ ಒಂಬತ್ತು. ಸ್ವಂತ ಮನೆಯವರಿಗೆ ಈ ಕಷ್ಟವಿಲ್ಲ. ಸಾವಿರ ಚದರ ಅಡಿ ಸೂರಿನ ಕೆಳಗೆ ನಾಲ್ಕೇ ಜನ ಇದ್ದರೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ನೀರು ಸೂರಿನಿಂದಲೇ ಬಂದೀತು. ನಮ್ಮಲ್ಲಿ ಒಂದೊಂದು ಮನೆಯ ಪಾಲಿಗೆ ಬರುವ ತಾರಸಿ ಇನ್ನೂರು ಚದರ ಅಡಿ ಮಾತ್ರ. ಹತ್ತಿಪ್ಪತ್ತು ಮಹಡಿಯ ಗೋಪುರಗಳಲ್ಲಿ ಅದು ಇನ್ನೂ ಕಿರಿದು.

ಅಷ್ಟನ್ನಾದರೂ ಹಿಡಿಯುವುದು ಹೇಗೆ? ಸರಳ ದಾರಿ ಎಂದರೆ ತಾರಸಿಯ ನೀರನ್ನು ಈಗಿರುವ ಸಂಪಿಗೇ ತಿರುಗಿಸುವುದು. ಗೋಡೆಗುಂಟ ಇಳಿದು ಚರಂಡಿ ಸೇರುವ ಪೈಪುಗಳನ್ನು ಕೆಳಗೆ ಒಟ್ಟುಗೂಡಿಸಿ, ಮಳೆಯ ಮೊದಲ ಕೊಳೆನೀರು ಹೊರಹೋಗಲು ಒಂದು ವಾಲ್ವ್ ಇಟ್ಟು, ಮಿಕ್ಕಿದ್ದನ್ನು ಫಿಲ್ಟರ್ ಮೂಲಕ ಸಂಪಿಗೆ ಬಿಡಬೇಕು. ಮೊದಲ ಒಂದು ಮಿಲಿಮೀಟರ್ ಮಳೆಯನ್ನಾದರೂ ಹೊರಗೆ ಬಿಡಬೇಕು. ನಮ್ಮ ತಾರಸಿಗೆ ಅದು ಸುಮಾರು 930 ಲೀಟರ್. ಪಾರಿವಾಳದ ಹಿಕ್ಕೆ, ಧೂಳು, ಎಲೆಗಳೆಲ್ಲ ಅದರಲ್ಲೇ ಕೊಚ್ಚಿಹೋಗುತ್ತವೆ.

ಆದರೆ ಪೈಪ್ ಜೋಡಿಸುವ ಮುನ್ನ ಮಾಡಬೇಕಾದ ಒಂದು ಪರೀಕ್ಷೆಯಿದೆ, ಹೆಚ್ಚಿನವರು ಅದನ್ನು ಮರೆಯುತ್ತಾರೆ. ಮಳೆಯಿಲ್ಲದ ದಿನ ಬೆಳಿಗ್ಗೆ ಎಂಟು ಗಂಟೆಗೆ, ಎಲ್ಲ ಮನೆಗಳಲ್ಲೂ ಬಟ್ಟೆ ಒಗೆಯುವ ಹೊತ್ತಿನಲ್ಲಿ, ಪ್ರತಿ ಮಳೆಪೈಪಿನ ತುದಿಯ ಹತ್ತಿರ ಹೋಗಿ ನೋಡಿ. ಅದು ಒಣಗಿರಬೇಕು. ನೀರು ತೊಟ್ಟಿಕ್ಕುತ್ತಿದ್ದರೆ, ನೊರೆ ಕಂಡರೆ, ಸೋಪಿನ ವಾಸನೆ ಬಂದರೆ ಮೇಲೆ ಯಾರದೋ ಬಾಲ್ಕನಿಯ ಅಥವಾ ಯುಟಿಲಿಟಿಯ ನೀರು ಅದೇ ಪೈಪಿಗೆ ಸೇರಿದೆ ಎಂದರ್ಥ. ಕಟ್ಟುವಾಗಲೇ ಹೀಗೆ ಜೋಡಿಸಿರುವುದುಂಟು, ಆಮೇಲೆ ವಾಷಿಂಗ್ ಮಷೀನಿಗಾಗಿ ಮನೆಯವರೇ ತೂತು ಕೊರೆಸಿರುವುದೂ ಉಂಟು. ಅಂಥ ಪೈಪನ್ನು ಸರಿಪಡಿಸುವವರೆಗೆ ಸಂಪಿನತ್ತ ತಿರುಗಿಸಲೇಬಾರದು. ಎಂಟು ಪೈಪುಗಳಲ್ಲಿ ಐದೇ ಶುದ್ಧವಾಗಿದ್ದರೆ ಐದನ್ನೇ ಜೋಡಿಸಿ. ತಾರಸಿಗೆ ಹೊಸದಾಗಿ ವಾಟರ್‌ಪ್ರೂಫಿಂಗ್ ಬಳಿಸಿದ್ದರೆ ಮೊದಲ ಕೆಲವು ಮಳೆಯನ್ನು ಚರಂಡಿಗೇ ಬಿಡಿ.

ಇನ್ನೊಂದು ತೊಡಕು ಹೊತ್ತಿಗೆ ಸಂಬಂಧಿಸಿದ್ದು. ಬೆಂಗಳೂರಿನ ದೊಡ್ಡ ಮಳೆಗಳು ಹೆಚ್ಚಾಗಿ ಸಂಜೆಯ ಮೇಲೆ ಬರುತ್ತವೆ. ಮಧ್ಯಾಹ್ನವೇ ಟ್ಯಾಂಕರ್ ತರಿಸಿ ಸಂಪನ್ನು ಕಂಠಮಟ್ಟ ತುಂಬಿಸಿಟ್ಟರೆ ಮಳೆನೀರಿಗೆ ಜಾಗವೆಲ್ಲಿ? 25 ಮಿಲಿಮೀಟರಿನ ಒಳ್ಳೆ ಮಳೆಗೆ ನಮ್ಮ ತಾರಸಿ ಕೊಡುವುದು ಹದಿನೆಂಟು ಸಾವಿರ ಲೀಟರಿಗೂ ಹೆಚ್ಚು, ಕಟ್ಟಡದ ಒಂದು ದಿನದ ಬಳಕೆಗೆ ಸ್ವಲ್ಪ ಕಡಿಮೆ. ಆದ್ದರಿಂದ ಮೇಯಿಂದ ಅಕ್ಟೋಬರ್‌ವರೆಗೆ ಸಂಜೆ ಹೊತ್ತಿಗೆ ಸಂಪಿನಲ್ಲಿ ಅಷ್ಟು ಖಾಲಿ ಜಾಗ ಇರುವಂತೆ ನೋಡಿಕೊಂಡು, ಮಳೆ ಬಾರದಿದ್ದರೆ ಮರುದಿನ ಬೆಳಿಗ್ಗೆ ಟ್ಯಾಂಕರ್ ಕರೆಸಬೇಕು. ಹೊಸ ಫಿಲ್ಟರಿಗಿಂತ ವಾಟರ್‌ಮ್ಯಾನ್ ಜೊತೆ ಮಾಡಿಕೊಳ್ಳುವ ಈ ಏರ್ಪಾಡೇ ಹೆಚ್ಚು ನೀರು ಉಳಿಸುತ್ತದೆ ಎನ್ನುವುದು ನನ್ನ ಅಭಿಪ್ರಾಯ.

ಈಗ ದುಡ್ಡಿನ ಮಾತು. ಸಣ್ಣ ಮಳೆ, ಸಂಪು ತುಂಬಿ ಹರಿದದ್ದು ಎಲ್ಲ ಕಳೆದು ಮೂರರಲ್ಲಿ ಎರಡು ಪಾಲು ಸಿಕ್ಕಿತೆನ್ನಿ: 4.8 ಲಕ್ಷ ಲೀಟರ್. ಹನ್ನೆರಡು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಅದು 40 ಲೋಡು. ಲೋಡಿಗೆ 1,200 ರೂಪಾಯಿ ಕೊಡುತ್ತಿದ್ದರೆ ವರ್ಷಕ್ಕೆ 48,000 ಉಳಿತಾಯ, ಮನೆಗೆ ತಿಂಗಳಿಗೆ 83 ರೂಪಾಯಿ. ಪೈಪು, ಫಿಲ್ಟರು, ಕೂಲಿ ಸೇರಿ ಒಂದೂವರೆಯಿಂದ ಎರಡು ಲಕ್ಷ ಖರ್ಚಾಯಿತು, ನಿರ್ವಹಣೆಗೆ ವರ್ಷಕ್ಕೆ ಹನ್ನೆರಡು ಸಾವಿರ ಹೋಯಿತು ಎಂದರೆ ಹಾಕಿದ ಹಣ ಮರಳಲು ಐದು ವರ್ಷ ಬೇಕು. ಪೈಪುಗಳು ಕಟ್ಟಡದ ನಾಲ್ಕೂ ಮೂಲೆಯಲ್ಲಿದ್ದು ನೆಲ ಅಗೆಯಬೇಕಾದರೆ ಖರ್ಚು ಇನ್ನೂ ಏರುತ್ತದೆ. ಟ್ಯಾಂಕರಿಲ್ಲದೆ ಪೂರ್ತಿ ಕಾವೇರಿ ನೀರಿನ ಮೇಲೇ ಇರುವವರ ಲೆಕ್ಕ ಇನ್ನೂ ಸಪ್ಪೆ. ಸಾವಿರ ಲೀಟರಿಗೆ 35 ರೂಪಾಯಿ ಎಂದಿಟ್ಟುಕೊಂಡರೂ ವರ್ಷಕ್ಕೆ ಉಳಿಯುವುದು ಹದಿನೇಳು ಸಾವಿರದೊಳಗೆ. ನಿರ್ವಹಣೆ ಕಳೆದರೆ ಕೈಯಲ್ಲಿ ಹೆಚ್ಚೇನೂ ಇರದು. ಅವರು ಉಳಿತಾಯದ ಆಸೆಗಿಂತ ನಿಯಮಕ್ಕಾಗಿ ಮಾಡಿಸುವುದೇ ಹೆಚ್ಚು. 2009ರ ತಿದ್ದುಪಡಿಯ ನಂತರ ಬೆಂಗಳೂರಿನಲ್ಲಿ 60x40 ಅಥವಾ ಅದಕ್ಕಿಂತ ದೊಡ್ಡ ನಿವೇಶನದ ಹಳೆಯ ಕಟ್ಟಡಗಳಿಗೂ 30x40 ಮೇಲ್ಪಟ್ಟ ಹೊಸ ಕಟ್ಟಡಗಳಿಗೂ ಮಳೆ ಕೊಯ್ಲು ಕಡ್ಡಾಯ. ಇಲ್ಲದಿದ್ದರೆ ಜಲಮಂಡಳಿ ಬಿಲ್ಲಿನಲ್ಲೇ ದಂಡ ಸೇರಿಸುತ್ತದೆ. ಫಿಲ್ಟರುಗಳನ್ನು ಕಣ್ಣಾರೆ ನೋಡಿ ತೀರ್ಮಾನಿಸಬೇಕೆಂದರೆ ಜಯನಗರ 5ನೇ ಬ್ಲಾಕಿನಲ್ಲಿ ಮಂಡಳಿಯದೇ ಮಳೆನೀರು ಕೊಯ್ಲು ಥೀಮ್ ಪಾರ್ಕ್ ಇದೆ.

ನಿರ್ವಹಣೆ ಕಷ್ಟದ್ದಲ್ಲ, ಆದರೆ ಅದು ಯಾರ ಕೆಲಸವೆಂದು ಗೊತ್ತಿರಬೇಕು. ಮೊದಲ ಮಳೆಗೆ ಮುನ್ನ ತಾರಸಿ ಗುಡಿಸಬೇಕು. ಮಳೆಗಾಲದಲ್ಲಿ ತಿಂಗಳಿಗೊಮ್ಮೆಯಾದರೂ ಫಿಲ್ಟರಿನ ಜಾಲರಿ ತೆಗೆದು ತೊಳೆಯಬೇಕು. ಮಳೆ ಜೋರಾಗಿದೆ, ಸಂಪಿನಲ್ಲಿ ಜಾಗವಿದೆ, ಆದರೂ ಫಿಲ್ಟರಿನಿಂದ ನೀರು ಹೊರಗೆ ಉಕ್ಕುತ್ತಿದೆ ಎಂದರೆ ಜಾಲರಿ ಕಟ್ಟಿಕೊಂಡಿದೆ. ಇದನ್ನು ಕಾಣಲು ಮಳೆ ಬರುವಾಗಲೇ ಕೊಡೆ ಹಿಡಿದು ಹೋಗಬೇಕು. ಸಂಪಿಗೆ ಬಂದ ಈ ನೀರನ್ನು ಸ್ನಾನ, ಬಟ್ಟೆ, ಪಾತ್ರೆಗೆ ಧಾರಾಳವಾಗಿ ಬಳಸಬಹುದು. ಕುಡಿಯಲು ಮಾತ್ರ ಶುದ್ಧೀಕರಿಸದೆ ಬಳಸಬೇಡಿ.

ಸಂಪು ತುಂಬಿ ಹರಿಯುವ ನೀರಿಗೂ ಅಂಗಳದಲ್ಲಿ ಹರಿಯುವ ನೀರಿಗೂ ಇಂಗುಬಾವಿ ಸರಿಯಾದ ಜಾಗ. ಮೂರು ಅಡಿ ಅಗಲ, ಇಪ್ಪತ್ತು ಅಡಿ ಆಳದ, ಸಿಮೆಂಟ್ ಬಳೆ ಇಳಿಸಿದ ಬಾವಿ ಒಮ್ಮೆಗೆ ಸುಮಾರು ನಾಲ್ಕು ಸಾವಿರ ಲೀಟರ್ ಹಿಡಿಯುತ್ತದೆ. ನಲವತ್ತರಿಂದ ಅರವತ್ತು ಸಾವಿರ ರೂಪಾಯಿ ತಗಲಬಹುದು. ಇದನ್ನು ತೋಡುವುದರಲ್ಲಿ ಬೆಂಗಳೂರಿನ ಸುತ್ತಲಿನ ಮಣ್ಣುವಡ್ಡರು ತಲೆಮಾರುಗಳಿಂದ ಪಳಗಿದವರು. ಮಣ್ಣು ಹೇಗಿದೆ, ನೀರು ಎಷ್ಟು ಬೇಗ ಹೀರುತ್ತದೆ ಎನ್ನುವುದು ಅವರಿಗೆ ತೋಡುವಾಗಲೇ ತಿಳಿಯುತ್ತದೆ. ಇಲ್ಲಿ ಇಂಗಿದ ನೀರು ಮೇಲ್ಪದರ ಸೇರುತ್ತದೆ. ಸಾವಿರ ಅಡಿ ಆಳದ ನಿಮ್ಮ ಬೋರ್‌ವೆಲ್ ಮುಂದಿನ ಬೇಸಿಗೆಗೇ ತುಂಬುತ್ತದೆಂಬ ಭರವಸೆಯನ್ನು ಯಾರೂ ಕೊಡಲಾರರು. ಆ ನೀರು ಬಂಡೆಯ ಬಿರುಕುಗಳಲ್ಲಿ ಎತ್ತ ಹೋಗುತ್ತದೋ ಮೇಲಿಂದ ಕಾಣದು.

ಬೇಸ್‌ಮೆಂಟ್ ಪಾರ್ಕಿಂಗ್ ಇರುವ ಕಟ್ಟಡದಲ್ಲಿ ಬಾವಿಯನ್ನು ಅದರ ಗೋಡೆಗೆ ಹತ್ತಿರ ತೋಡಿಸಬೇಡಿ, ನೀರು ಒಳಗೆ ಜಿನುಗಿ ಕಾರುಗಳ ನಡುವೆ ನಿಂತೀತು. ಎಸ್‌ಟಿಪಿಯಿಂದಲೂ ದೂರವಿರಲಿ. ಮಳೆ ನಿಂತ ಮರುದಿನ ಮುಚ್ಚಳ ತೆಗೆದು ನೀರಿನ ಮಟ್ಟ ಗುರುತಿಸಿಕೊಳ್ಳಿ. ಮೊದಲ ವರ್ಷ ಒಂದು ದಿನದಲ್ಲಿ ಇಳಿಯುತ್ತಿದ್ದ ನೀರು ಈಗ ಮೂರು ದಿನ ನಿಲ್ಲುತ್ತಿದ್ದರೆ ತಳದಲ್ಲಿ ಹೂಳು ಕೂತಿರುವುದೇ ಹೆಚ್ಚು, ತೋಡಿದವರನ್ನೇ ಕರೆಸಿ ತೆಗೆಸಿ. ಅಪಾರ್ಟ್‌ಮೆಂಟಿನ ಸೆಕ್ಯುರಿಟಿಯವರನ್ನೋ ಮಾಲಿಯನ್ನೋ ಇಳಿಸುವುದು ಬೇಡ. ಮುಚ್ಚಿದ ಬಾವಿಯಲ್ಲಿ ಉಸಿರಾಡುವ ಗಾಳಿ ಇಲ್ಲದಿರಬಹುದು. ಮಕ್ಕಳು ಆಡುವ ಜಾಗವಾದರೆ ಮುಚ್ಚಳಕ್ಕೆ ಬೀಗ ಇರಲಿ, ಅದರ ಕೀಲಿ ವಾಟರ್‌ಮ್ಯಾನ್ ಹತ್ತಿರವೇ ಇರಲಿ.