ಪ್ರವಚನದ ವಿಡಿಯೊಗೆ ಶೀರ್ಷಿಕೆ, ವಿವರಣೆ

ಪ್ರಶ್ನೆ: ಅಮೃತೂರಿನಲ್ಲಿ ನಡೆಯುವ ಪ್ರವಚನವನ್ನು ಯೂಟ್ಯೂಬ್‌ಗೆ ಹಾಕುವಾಗ ಶೀರ್ಷಿಕೆ, ವಿವರಣೆ ಹೇಗಿರಬೇಕು?

ಉತ್ತರ: ಯೂಟ್ಯೂಬ್ ಶೀರ್ಷಿಕೆಗೆ 100 ಅಕ್ಷರಗಳ ಮಿತಿಯಿದೆ. ಒತ್ತು, ಗುಣಿತದ ಚಿಹ್ನೆಗಳೂ ಬೇರೆಬೇರೆಯಾಗಿ ಲೆಕ್ಕಕ್ಕೆ ಸೇರುತ್ತವೆ. ಕಣ್ಣಿಗೆ ನಾಲ್ಕಕ್ಷರವಾಗಿ ಕಾಣುವ ‘ಪ್ರವಚನ’ ಅಲ್ಲಿ ಆರಾಗುತ್ತದೆ. ಮೊಬೈಲಿನಲ್ಲಿ ಉದ್ದದ ಶೀರ್ಷಿಕೆಯ ತುದಿ ಕಾಣದು. ಆದ್ದರಿಂದ ಮೊದಲು ಗ್ರಂಥ, ಬಳಿಕ ವಿಷಯ, ಕೊನೆಗೆ ಪ್ರವಚನಕಾರರ ಹೆಸರು ಬರಬೇಕು.

ಗುಬ್ಬಿಯ ಮಲ್ಲಣಾರ್ಯನ ‘ಭಾವಚಿಂತಾರತ್ನ’ದ ಪ್ರವಚನವಾದರೆ ಶೀರ್ಷಿಕೆ ಹೀಗಿರಬಹುದು:

ಭಾವಚಿಂತಾರತ್ನ | ಸತ್ಯೇಂದ್ರಚೋಳನ ಕಥೆ | ಭಾಗ 1 | (ಪ್ರವಚನಕಾರರ ಹೆಸರು)

ಇಲ್ಲಿ ಆಗಾಗ ಆಗುವ ತಪ್ಪೆಂದರೆ ಕವಿಯ ಹೆಸರನ್ನು ಪ್ರವಚನಕಾರರ ಜಾಗದಲ್ಲಿ ಹಾಕುವುದು. ‘1513ರಲ್ಲಿ ಗುಬ್ಬಿಯ ಮಲ್ಲಣಾರ್ಯ ರಚಿಸಿದ ಕಾವ್ಯ’ ಎಂಬ ಮಾತು ವಿವರಣೆಗೆ ಸೇರಬೇಕು. ವಿವರಣೆಯ ಮೊದಲೆರಡು ಸಾಲು ಮಾತ್ರ ತಕ್ಷಣ ಕಾಣುವುದರಿಂದ ಅಂದು ಹೇಳಿದ ಸಂಧಿ, ಪ್ರಸಂಗಗಳು ಅಲ್ಲೇ ಇರಲಿ. ಸ್ಥಳ, ದಿನಾಂಕ ಅನಂತರ ಬರಲಿ.

ಕೊನೆಯಲ್ಲಿ ಸಮಯಸೂಚಿ:

```
00:00 ಪೀಠಿಕೆ
06:30 ಕಥಾರಂಭ
41:10 ಮಂಗಳ
```

ಸೂಚಿ 00:00ರಿಂದಲೇ ಆರಂಭವಾಗಿ ಕನಿಷ್ಠ ಮೂರು ಭಾಗ ಹೊಂದಿರಬೇಕು. ಇಲ್ಲವಾದರೆ ವಿಡಿಯೊ ಅಧ್ಯಾಯಗಳಾಗಿ ವಿಂಗಡವಾಗದು. ‘ಅದ್ಭುತ ಪ್ರವಚನ’ ಎಂಬಷ್ಟೇ ಶೀರ್ಷಿಕೆಯಿದ್ದರೆ ಗ್ರಂಥದ ಹೆಸರು ಹಾಕಿ ಹುಡುಕುವವರಿಗೆ ಅದು ಸಿಗುವುದು ಕಷ್ಟ.