ಆರ್‌ಸಿ ಮೇಲೆ ಬ್ಯಾಂಕಿನ ಹೆಸರಿದ್ದರೆ

ಮಂಡಕಳ್ಳಿಯಲ್ಲಿ ನಂಜನಗೂಡು ರಸ್ತೆಗೆ ಹತ್ತಿರ ಒಬ್ಬರ ಮನೆ ಮುಂದೆ ಕೆಎ 09 ನಂಬರಿನ ಕಾರು ಮಾರಾಟಕ್ಕಿದೆ ಎಂದುಕೊಳ್ಳಿ. ಗಾಡಿ ಚೆನ್ನಾಗಿದೆ, ಮಾತು 4,20,000 ರೂಪಾಯಿಗೆ ಮುಗಿದಿದೆ. ಆರ್‌ಸಿ ತೆಗೆದು ನೋಡಿದರೆ ಮಾಲೀಕರ ಹೆಸರಿನ ಜತೆಗೆ ಒಂದು ಬ್ಯಾಂಕಿನ ಹೆಸರೂ ಇದೆ. ಇದನ್ನೇ ಲೀನ್ ಎನ್ನುವುದು. ನಮ್ಮ ಆರ್‌ಟಿಒ ಕಾಗದಗಳಲ್ಲಿ ಇದಕ್ಕೆ ಹೈಪಾಥಿಕೇಶನ್ ಎಂದಿರುತ್ತದೆ, ಏಜೆಂಟರ ಬಾಯಲ್ಲಿ ಬರೀ ‘ಎಚ್‌ಪಿ’.

ಚಿನ್ನದ ಸಾಲದಲ್ಲಿ ಒಡವೆ ಬ್ಯಾಂಕಿನಲ್ಲೇ ಉಳಿಯುತ್ತದೆ. ಕಾರು ಹಾಗಲ್ಲ, ಮಾಲೀಕರು ಓಡಿಸಿಕೊಂಡಿರುತ್ತಾರೆ, ಅದರ ಮೇಲಿನ ಹಕ್ಕು ಮಾತ್ರ ಸಾಲ ಕೊಟ್ಟವರಲ್ಲಿರುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 51ನೇ ಕಲಂ ಪ್ರಕಾರ ಈ ಹಕ್ಕು ಆರ್‌ಸಿಯಲ್ಲಿ ದಾಖಲಾಗುತ್ತದೆ. ಅದು ಅಲ್ಲಿರುವವರೆಗೆ ಸಾಲ ಕೊಟ್ಟವರ ಒಪ್ಪಿಗೆಯಿಲ್ಲದೆ ಗಾಡಿ ಇನ್ನೊಬ್ಬರ ಹೆಸರಿಗೆ ಆಗುವುದಿಲ್ಲ. ಕಂತು ನಿಂತರೆ ಗಾಡಿಯನ್ನು ವಶಕ್ಕೆ ತೆಗೆದುಕೊಂಡು ತಮ್ಮ ಹೆಸರಿಗೇ ಆರ್‌ಸಿ ಮಾಡಿಸಿಕೊಳ್ಳಲೂ ಅವರಿಗೆ ದಾರಿಯಿದೆ. ನೀವು ಮಾರಿದವರಿಗೆ ಪೂರ್ತಿ ದುಡ್ಡು ಕೊಟ್ಟಿದ್ದೀರಿ ಎಂಬುದು ಬ್ಯಾಂಕಿನ ಹಕ್ಕಿಗೆ ಅಡ್ಡ ಬರುವುದಿಲ್ಲ.

‘ಸಾಲ ಯಾವತ್ತೋ ತೀರಿದೆ ಸಾರ್, ಎಚ್‌ಪಿ ತೆಗೆಸಿಲ್ಲ ಅಷ್ಟೇ’ ಎಂಬ ಮಾತು ಬಹಳ ಸಲ ನಿಜವೇ. ಕೊನೆ ಕಂತು ಕಟ್ಟಿದ ಕೂಡಲೇ ಆರ್‌ಸಿಯಲ್ಲಿನ ಬ್ಯಾಂಕಿನ ಹೆಸರು ತಾನಾಗಿ ಹೋಗುತ್ತದೆ ಎಂದೇ ಎಷ್ಟೋ ಜನ ನಂಬಿದ್ದಾರೆ. ಸಾಲದ ಖಾತೆ ಬ್ಯಾಂಕಿನದು, ಆರ್‌ಸಿ ಆರ್‌ಟಿಒದ್ದು. ಬ್ಯಾಂಕು ಎನ್‌ಒಸಿ ಪತ್ರ ಕೊಟ್ಟು, ಫಾರಂ 35ಕ್ಕೆ ಸಹಿ, ಸೀಲು ಹಾಕಿ, ಅದು ಆರ್‌ಟಿಒ ದಾಖಲೆಗೆ ಸೇರಿದ ಮೇಲೆಯೇ ಹೆಸರು ಹೋಗುವುದು. ಈ ಎನ್‌ಒಸಿಗೆ ಸಾಮಾನ್ಯವಾಗಿ ಮೂರು ತಿಂಗಳಷ್ಟೇ ಅವಧಿ. ಹಳೆಯ ಪತ್ರ ಬೀರುವಿನಲ್ಲಿದ್ದರೆ ಬ್ಯಾಂಕಿನಿಂದ ಹೊಸದು ತರಿಸಬೇಕು. ಪತ್ರ ಕೈಗೆ ಬಂದಾಗ ಅದರಲ್ಲಿನ ಎಂಜಿನ್ ಮತ್ತು ಚಾಸಿ ನಂಬರನ್ನು ಗಾಡಿಯ ಮೇಲಿನದಕ್ಕೆ ತಾಳೆ ನೋಡಿ, ಶಾಖೆಗೇ ಹೋಗಿ ಪತ್ರ ಅವರದೇ ಎಂದು ಖಾತ್ರಿ ಮಾಡಿಕೊಳ್ಳಿ. ಜೆರಾಕ್ಸ್ ಪ್ರತಿ ನಂಬಿ ಮುಂಗಡ ಕೊಡಬೇಡಿ.

ಮೈಸೂರಿನ ಹಳೆಯ ಗಾಡಿಗಳಲ್ಲಿ ಇನ್ನೊಂದು ತೊಡಕಿದೆ. ಆರ್‌ಸಿಯಲ್ಲಿ ‘ಸ್ಟೇಟ್ ಬ್ಯಾಂಕ್ ಆಫ್ ಮೈಸೂರ್’ ಎಂದಿರಬಹುದು. ಆ ಬ್ಯಾಂಕು 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ವಿಲೀನವಾಯಿತು. ವಿಜಯಾ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ, ಸಿಂಡಿಕೇಟ್ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿಗೆ, ಕಾರ್ಪೊರೇಷನ್ ಬ್ಯಾಂಕು ಅದೇ ವರ್ಷ ಯೂನಿಯನ್ ಬ್ಯಾಂಕಿಗೆ ಸೇರಿದವು. ಬ್ಯಾಂಕು ಇಲ್ಲವಾಯಿತೆಂದರೆ ಹಕ್ಕು ಇಲ್ಲವಾಯಿತೆಂದಲ್ಲ, ಅದು ಸೇರಿಕೊಂಡ ಬ್ಯಾಂಕಿಗೆ ಹೋಗಿದೆ. ಎನ್‌ಒಸಿಯನ್ನೂ ಅಲ್ಲಿಂದಲೇ ತರಬೇಕು. ಹಳೇ ಸಾಲದ ಖಾತೆ ನಂಬರು ಮಾರುವವರ ಬಳಿ ಇಲ್ಲದಿದ್ದರೆ ಹುಡುಕಾಟಕ್ಕೇ ದಿನ ಹಿಡಿಯುತ್ತದೆ. ಆ ಓಡಾಟ ವ್ಯವಹಾರ ಮುಗಿಯುವ ಮೊದಲು ಮಾರುವವರೇ ಮಾಡಲಿ.

ಇನ್ನು, ಸಾಲ ನಿಜವಾಗಿಯೂ ಬಾಕಿಯಿದ್ದರೆ? ನಮ್ಮ ಉದಾಹರಣೆಯ ಕಾರಿಗೇ 1,35,000 ರೂಪಾಯಿ ಉಳಿದಿದೆ ಎನ್ನೋಣ. ಮೊದಲು ಮಾರುವವರು ಬ್ಯಾಂಕಿನಿಂದ ಸಾಲ ಮುಕ್ತಾಯದ ಲೆಕ್ಕ ಬರೆಸಿ ತರಬೇಕು. ಅದರಲ್ಲಿ ಅಸಲು, ಆ ದಿನದವರೆಗಿನ ಬಡ್ಡಿ, ಅವಧಿಗೆ ಮುಂಚೆ ತೀರಿಸುವುದಕ್ಕೆ ಹಾಕುವ ಶುಲ್ಕ ಎಲ್ಲ ಇರುತ್ತದೆ. ಅದೇ ಬ್ಯಾಂಕಿನಲ್ಲಿ ಅವರಿಗೆ ಬೇರೆ ಸಾಲವೋ ಕ್ರೆಡಿಟ್ ಕಾರ್ಡಿನ ಬಾಕಿಯೋ ಇದೆಯೇ ಎಂದು ಕೇಳುವುದು ಮುಖ್ಯ. ಕಾರಿನ ಸಾಲ ಪೂರ್ತಿ ತೀರಿದರೂ ಆ ಬಾಕಿಯ ಕಾರಣ ಹೇಳಿ ಬ್ಯಾಂಕು ಎನ್‌ಒಸಿ ತಡೆಹಿಡಿಯುವುದುಂಟು. ಕೊಳ್ಳುವವರು ಹೆಚ್ಚಾಗಿ ಸಿಕ್ಕಿಬೀಳುವುದು ಇಲ್ಲೇ.

ಲೆಕ್ಕ ಸರಿಯಿದ್ದರೆ ಕರಾರು ಪತ್ರ ಬರೆಸಿಕೊಂಡು 1,35,000 ರೂಪಾಯಿಯನ್ನು ಮಾರುವವರ ಕೈಗಲ್ಲ, ನೇರವಾಗಿ ಸಾಲದ ಖಾತೆಗೇ ಕಟ್ಟಿ ರಸೀದಿ ಇಟ್ಟುಕೊಳ್ಳಿ. ಎನ್‌ಒಸಿ ಮತ್ತು ಸಹಿಯಾದ ಫಾರಂ 35 ಬಂದ ದಿನ 2,65,000 ಕೊಟ್ಟು ಗಾಡಿ ತೆಗೆದುಕೊಳ್ಳಿ. ಉಳಿದ 20,000 ಆರ್‌ಸಿ ನಿಮ್ಮ ಹೆಸರಿಗೆ ಆಗುವವರೆಗೆ ನಿಮ್ಮಲ್ಲೇ ಇರಲಿ, ಇದನ್ನೂ ಕರಾರಿನಲ್ಲಿ ಬರೆಸಿ. ಹೆಸರು ಬದಲಾವಣೆಗೆ ಬೇಕಾದ ಫಾರಂ 29 ಮತ್ತು 30ಕ್ಕೆ ಮಾರುವವರ ಸಹಿಯನ್ನು ಗಾಡಿ ತೆಗೆದುಕೊಳ್ಳುವ ದಿನವೇ ಹಾಕಿಸಿಕೊಂಡರೆ ಒಳ್ಳೆಯದು. ಆಮೇಲೆ ಅವರನ್ನು ಹುಡುಕಿಕೊಂಡು ಅಲೆಯುವುದು ತಪ್ಪುತ್ತದೆ.

ಆರ್‌ಟಿಒ ಕೆಲಸ ಮುಗಿದ ಮೇಲೆ ಎಂ-ಪರಿವಾಹನ್ ಆ್ಯಪ್‌ನಲ್ಲಿ ಗಾಡಿಯ ನಂಬರು ಹಾಕಿ ಬ್ಯಾಂಕಿನ ಹೆಸರು ಹೋಗಿದೆಯೇ ನೋಡಿ. ವಿಮೆಯ ಪಾಲಿಸಿಯಲ್ಲೂ ಅದೇ ಹೆಸರು ಇರುತ್ತದೆ. ಅಪಘಾತದಲ್ಲಿ ಗಾಡಿ ಪೂರ್ತಿ ಹಾಳಾದರೆ ಕಂಪನಿ ಮೊದಲು ನೋಡುವುದು ಅದನ್ನೇ. ಗಾಡಿ ಕೈಬದಲಾದ 14 ದಿನದೊಳಗೆ ವಿಮಾ ಕಂಪನಿಗೆ ಅರ್ಜಿ ಕೊಟ್ಟು, ಪಾಲಿಸಿಯನ್ನು ನಿಮ್ಮ ಹೆಸರಿಗೆ ಮಾಡಿಸುವಾಗಲೇ ಎನ್‌ಒಸಿಯ ಪ್ರತಿ ತೋರಿಸಿ ಬ್ಯಾಂಕಿನ ಹೆಸರನ್ನೂ ತೆಗೆಸಿ.