ಆಟಕ್ಕೆ ಎರಡು ಕೈ ಬೇಕೆಂದಿಲ್ಲ

ವಿಡಿಯೋ ಗೇಮ್ ಕಂಟ್ರೋಲರನ್ನು ಕೈಗೆತ್ತಿಕೊಂಡು ಒಮ್ಮೆ ಎಣಿಸಿ ನೋಡಿ. ಎಕ್ಸ್‌ಬಾಕ್ಸ್ ಕಂಟ್ರೋಲರಿನಲ್ಲಿ ಎರಡು ಸ್ಟಿಕ್, ಬಲಗಡೆ A, B, X, Y ಎಂಬ ನಾಲ್ಕು ಗುಂಡಿ, ಎಡಗಡೆ ನಾಲ್ಕು ದಿಕ್ಕಿನ ಪ್ಯಾಡ್, ಮೇಲಂಚಿನಲ್ಲಿ LB, RB, ಅವುಗಳ ಕೆಳಗೆ LT, RT ಎಂಬ ಟ್ರಿಗರ್‌ಗಳಿವೆ. ಇದನ್ನು ರೂಪಿಸಿದವರು ಆಡುವವರಿಗೆ ಎರಡು ಹೆಬ್ಬೆರಳು, ಎರಡು ತೋರುಬೆರಳು ಚೆನ್ನಾಗಿ ಆಡುತ್ತವೆಂದು ಭಾವಿಸಿಕೊಂಡಿದ್ದಾರೆ. ಪಾರ್ಶ್ವವಾಯು, ಸ್ನಾಯುಕ್ಷಯ, ಸಂಧಿವಾತ ಅಥವಾ ಅಪಘಾತದಿಂದ ಆ ಬೆರಳುಗಳಲ್ಲಿ ಕೆಲವು ಮಾತು ಕೇಳದಿದ್ದರೆ, ಮೊದಲು ಎದುರಾಗುವ ತಡೆ ಆಟವಲ್ಲ, ಈ ಸಾಧನ.

ಇದಕ್ಕೆ ಎರಡು ದಾರಿಗಳಿವೆ. ಗುಂಡಿಗಳ ಕೆಲಸವನ್ನು ಸೆಟ್ಟಿಂಗ್‌ನಲ್ಲಿ ಅದಲುಬದಲು ಮಾಡುವುದು ಒಂದು, ಇದನ್ನು ರಿಮ್ಯಾಪಿಂಗ್ ಎನ್ನುತ್ತಾರೆ. ಕಾಲು, ಮೊಣಕೈ, ತಲೆ, ಹೀಗೆ ದೇಹದ ಬೇರೆ ಭಾಗಗಳಿಂದ ಒತ್ತುವ ಸ್ವಿಚ್‌ಗಳನ್ನು ಜೋಡಿಸುವುದು ಇನ್ನೊಂದು. ಎರಡನ್ನೂ ಯಾವ ಕ್ರಮದಲ್ಲಿ ಬಳಸಬೇಕು ಎಂಬುದನ್ನು ಒಂದು ಉದಾಹರಣೆಯ ಮೂಲಕ ನೋಡೋಣ.

ಬೈಕಿನಿಂದ ಬಿದ್ದು ಬಲಭುಜದ ನರಜಾಲಕ್ಕೆ ಪೆಟ್ಟಾದ ಒಬ್ಬ ಯುವಕನನ್ನು ಊಹಿಸಿಕೊಳ್ಳಿ. ಕತ್ತಿನಿಂದ ತೋಳಿಗಿಳಿಯುವ ಈ ನರಗಳ ಗೊಂಚಲನ್ನು ವೈದ್ಯರು ಬ್ರೇಕಿಯಲ್ ಪ್ಲೆಕ್ಸಸ್ ಎನ್ನುತ್ತಾರೆ. ಅದರ ಕೆಳಗಿನ ಎಳೆಗಳಿಗೆ ಏಟಾದರೆ ಭುಜ, ಮೊಣಕೈ ಆಡುತ್ತವೆ, ಅಂಗೈ ಮತ್ತು ಬೆರಳು ಆಡುವುದಿಲ್ಲ. ನಮ್ಮ ಯುವಕನ ಎಡಗೈ, ಎರಡೂ ಕಾಲು ಸರಿಯಾಗಿವೆ. ಅವನಿಗೆ ಎಕ್ಸ್‌ಬಾಕ್ಸ್‌ನಲ್ಲಿ ಫುಟ್‌ಬಾಲ್ ಆಡಬೇಕು.

ಮೊದಲ ಕೆಲಸಕ್ಕೆ ಕಾಗದ, ಪೆನ್ನು ಸಾಕು. ಆಟದಲ್ಲಿ ಯಾವ ಗುಂಡಿ ಏನು ಮಾಡುತ್ತದೆ ಎಂದು ಬರೆಯಿರಿ. ಇಎ ಕಂಪನಿಯ ಫುಟ್‌ಬಾಲ್ ಆಟದ ಮೂಲ ವಿನ್ಯಾಸದಲ್ಲಿ ಎಡ ಸ್ಟಿಕ್ ಓಡಾಟಕ್ಕೆ, A ಹತ್ತಿರದ ಪಾಸಿಗೆ, B ಗೋಲಿಗೆ ಒದೆಯಲು, X ಎತ್ತರದ ಪಾಸಿಗೆ, Y ಎದುರಾಳಿಗಳ ನಡುವಿನಿಂದ ಮುಂದಕ್ಕೆ ಬಿಡುವ ಪಾಸಿಗೆ. RT ಒತ್ತಿ ಹಿಡಿದರೆ ಆಟಗಾರ ವೇಗವಾಗಿ ಓಡುತ್ತಾನೆ. LB ಒತ್ತಿದರೆ ನಿಮ್ಮ ಹತೋಟಿ ಇನ್ನೊಬ್ಬ ಆಟಗಾರನಿಗೆ ಹೋಗುತ್ತದೆ. ಈಗ ಪ್ರತಿಯೊಂದರ ಮುಂದೆಯೂ ಮೂರು ವಿಷಯ ಗುರುತು ಮಾಡಿ: ಅದನ್ನು ಎಷ್ಟು ಸಲ ಒತ್ತಬೇಕು, ಎಷ್ಟು ಹೊತ್ತು ಹಿಡಿದಿರಬೇಕು, ಅದರ ಜೊತೆಗೆ ಇನ್ನಾವುದನ್ನು ಒತ್ತಬೇಕು.

ಈ ಮೂರನೆಯ ಪ್ರಶ್ನೆಯೇ ಇಡೀ ಕೆಲಸದ ಕೀಲಿ. ಗುಂಡಿಗಳು ಎಷ್ಟಿವೆ ಎಂಬುದಕ್ಕಿಂತ ಒಂದೇ ಕ್ಷಣದಲ್ಲಿ ಎಷ್ಟು ಬೇಕಾಗುತ್ತವೆ ಎಂಬುದು ಮುಖ್ಯ. ಓಡುತ್ತಲೇ ಗೋಲಿಗೆ ಒದೆಯಬೇಕಾದರೆ ಸ್ಟಿಕ್, RT, B ಮೂರೂ ಒಟ್ಟಿಗೆ ಬೇಕು. ಹಾಗಾಗಿ ಈ ಮೂರೂ ದೇಹದ ಮೂರು ಬೇರೆಬೇರೆ ಭಾಗಗಳ ಪಾಲಿಗೆ ಬರಬೇಕು. X ಮತ್ತು A ಒಟ್ಟಿಗೆ ಬರುವ ಸಂದರ್ಭ ಅಪರೂಪ, ಅವೆರಡನ್ನು ಒಂದೇ ಅಂಗಕ್ಕೆ ವಹಿಸಬಹುದು.

ಬರೀ ರಿಮ್ಯಾಪಿಂಗ್‌ನಿಂದ ಇಷ್ಟು ಸಾಧ್ಯವೇ? ಎಕ್ಸ್‌ಬಾಕ್ಸ್, ಪ್ಲೇಸ್ಟೇಷನ್ 5, ನಿಂಟೆಂಡೊ ಸ್ವಿಚ್ ಮೂರರ ಸೆಟ್ಟಿಂಗ್ಸ್‌ನಲ್ಲೂ ಗುಂಡಿಗಳನ್ನು ಬದಲಿಸುವ ಸೌಲಭ್ಯವಿದೆ. ಕಂಪ್ಯೂಟರಿನಲ್ಲಿ ಆಡುವವರಿಗೆ ಸ್ಟೀಮ್‌ನಲ್ಲೇ ಇದೆ. ಖರ್ಚಿಲ್ಲದ ಕೆಲಸವಾದ್ದರಿಂದ ಇಲ್ಲಿಂದಲೇ ಶುರು ಮಾಡಬೇಕು. ಆದರೆ ಇದರ ಮಿತಿಯೂ ತಿಳಿದಿರಲಿ. ಅಡುಗೆಮನೆಯ ಗೂಡಿನಲ್ಲಿ ಡಬ್ಬಿಗಳನ್ನು ಅತ್ತಿತ್ತ ಸರಿಸಿದಂತೆ ಇದು: ಕೈಗೆಟುಕುವ ಜಾಗಕ್ಕೆ ಬೇಕಾದ ಡಬ್ಬಿ ಬರುತ್ತದೆ, ಗೂಡು ಮಾತ್ರ ದೊಡ್ಡದಾಗುವುದಿಲ್ಲ. ನಮ್ಮ ಯುವಕನ ಎಡ ಹೆಬ್ಬೆರಳು ಸ್ಟಿಕ್‌ಗೆ ಅಂಟಿಕೊಂಡಿರುತ್ತದೆ. ಉಳಿದದ್ದು LB ಮತ್ತು LT ನಡುವೆ ಓಡಾಡುವ ತೋರುಬೆರಳೊಂದೇ. ಪಾಸನ್ನು LBಗೆ, ಒದೆತವನ್ನು LTಗೆ ತಂದರೂ ಓಟಕ್ಕೆ ಜಾಗ ಸಿಗುವುದಿಲ್ಲ.

ರಿಮ್ಯಾಪಿಂಗ್ ಮಾಡುವವರನ್ನು ಕಾಡುವ ಇನ್ನೊಂದು ತೊಡಕಿದೆ. ಕನ್ಸೋಲ್‌ನ ಸೆಟ್ಟಿಂಗ್‌ನಲ್ಲಿ ಬದಲಾವಣೆ ಮಾಡಿದರೆ ಆಟಕ್ಕೆ ಅದು ಗೊತ್ತಾಗುವುದಿಲ್ಲ. ನೀವು Aಯ ಕೆಲಸವನ್ನು LBಗೆ ಕೊಟ್ಟಿದ್ದರೂ ಪರದೆಯ ಮೇಲೆ A ಒತ್ತಿ ಎಂದೇ ಬರುತ್ತದೆ. ಆಟದ ಒಳಗಿನ ಸೆಟ್ಟಿಂಗ್‌ನಲ್ಲೇ ಬದಲಿಸಲು ಅವಕಾಶವಿದ್ದರೆ ಸಾಮಾನ್ಯವಾಗಿ ಸೂಚನೆಯೂ ಬದಲಾಗುತ್ತದೆ, ಆದ್ದರಿಂದ ಮೊದಲು ಅಲ್ಲಿ ಹುಡುಕಿ. ಎರಡೂ ಕಡೆ ಬದಲಿಸಬೇಡಿ. ಒಂದರ ಮೇಲೊಂದು ಕೂತು, ಯಾವ ಗುಂಡಿ ಏನು ಮಾಡುತ್ತಿದೆ ಎಂದು ನಿಮಗೇ ತಿಳಿಯದಂತಾಗುತ್ತದೆ.

ಓಟಕ್ಕೆ ಜಾಗ ಬೇಕೆಂದರೆ ಹಾರ್ಡ್‌ವೇರ್ ಬೇಕು. ಮೈಕ್ರೋಸಾಫ್ಟ್ 2018ರಲ್ಲಿ ಎಕ್ಸ್‌ಬಾಕ್ಸ್ ಅಡಾಪ್ಟಿವ್ ಕಂಟ್ರೋಲರನ್ನು ಮಾರುಕಟ್ಟೆಗೆ ತಂದಿತು. ಚಪ್ಪಟೆ ಹಲಗೆಯಂಥ ಈ ಸಾಧನದ ಮೇಲೆ ಅಂಗೈಯಗಲದ ಎರಡು ಗುಂಡಿಗಳಿವೆ, ಅವೇ A ಮತ್ತು B. ಇದರ ಅಸಲಿ ಶಕ್ತಿ ಇರುವುದು ಹಿಂಬದಿಯಲ್ಲಿ. ಅಲ್ಲಿ ಹಳೆಯ ಇಯರ್‌ಫೋನ್ ಚುಚ್ಚುವಂಥ 3.5 ಮಿಲಿಮೀಟರಿನ 19 ತೂತುಗಳಿವೆ, ಸಾಲಾಗಿ. ಒಂದೊಂದು ತೂತೂ ಕಂಟ್ರೋಲರಿನ ಒಂದೊಂದು ಗುಂಡಿಗೆ ಮೀಸಲು. RT ಎಂದು ಬರೆದ ತೂತಿಗೆ ಕಾಲಿನ ಸ್ವಿಚ್ಚಿನ ಪಿನ್ ಚುಚ್ಚಿದರೆ ಕಾಲೇ RT ಆಗುತ್ತದೆ. ಎರಡು ಪಕ್ಕಗಳಲ್ಲಿರುವ ಯುಎಸ್‌ಬಿ ಪೋರ್ಟ್‌ಗಳು ಎಡ, ಬಲ ಸ್ಟಿಕ್‌ಗಳ ಬದಲಿಗೆ ಬೇರೆ ಜಾಯ್‌ಸ್ಟಿಕ್ ಹಾಕಲು. 2019ರಲ್ಲಿ ಲಾಜಿಟೆಕ್ ಇದಕ್ಕೆಂದೇ ದೊಡ್ಡ, ಸಣ್ಣ ಗುಂಡಿಗಳು, ಹಗುರವಾಗಿ ಮುಟ್ಟಿದರೆ ಸಾಕೆನ್ನುವ ಸ್ವಿಚ್‌ಗಳು, ಎರಡು ಟ್ರಿಗರ್ ಸೇರಿದ 12 ಸ್ವಿಚ್‌ಗಳ ಕಿಟ್ ಹೊರತಂದಿತು.

ಈಗ ನಮ್ಮ ಯುವಕನ ಮೇಜನ್ನು ಜೋಡಿಸೋಣ. ಎಡಗೈಯಲ್ಲಿ ಮಾಮೂಲಿ ಕಂಟ್ರೋಲರ್ ಇರಲಿ. ಅದರ ಭಾರ ಮಣಿಕಟ್ಟಿನ ಮೇಲೆ ಬೀಳದಂತೆ ತೊಡೆಯ ಮೇಲೆ ದಿಂಬಿಟ್ಟು ಆನಿಸಬೇಕು. ಬಲಗಡೆ ಮೇಜಿನ ಮೇಲೆ ಅಡಾಪ್ಟಿವ್ ಕಂಟ್ರೋಲರ್. ಎಕ್ಸ್‌ಬಾಕ್ಸ್‌ನಲ್ಲಿ ಎರಡು ಕಂಟ್ರೋಲರ್‌ಗಳನ್ನು ಸೇರಿಸಿ ಒಂದೇ ಎಂಬಂತೆ ನಡೆಸುವ ಸೌಲಭ್ಯವಿದೆ. ಮೊದಲು ಅದರ ಹೆಸರು ಕೋಪೈಲಟ್ ಎಂದಿತ್ತು, ಈಗ ಕಂಟ್ರೋಲರ್ ಅಸಿಸ್ಟ್. ಅದನ್ನು ಚಾಲೂ ಮಾಡಿದರೆ ಎರಡೂ ಒಬ್ಬನೇ ಆಟಗಾರನಿಗೆ ಸೇರುತ್ತವೆ. ಸ್ಟಿಕ್ ಮತ್ತು LB ಎಡಗೈಗೆ. A, B ಬಲಗೈಗೆ: ಬೆರಳು ಆಡದಿದ್ದರೂ ಭುಜ, ಮೊಣಕೈಗಳ ಬಲದಿಂದ ಮುಂಗೈಯ ಪಕ್ಕವನ್ನು ಅಗಲ ಗುಂಡಿಯ ಮೇಲೆ ಇಳಿಸಬಹುದು. RT ಬಲಗಾಲಿನ ಸ್ವಿಚ್ಚಿಗೆ, Y ಎಡಗಾಲಿಗೆ. X ಅಷ್ಟಾಗಿ ಬೇಡದ್ದರಿಂದ ಬಲ ಮೊಣಕೈಯ ಹೊರಗಡೆ ಒಂದು ಸಣ್ಣ ಗುಂಡಿಯಿಟ್ಟರೆ, ಮೊಣಕೈ ಪಕ್ಕಕ್ಕೆ ತಳ್ಳಿ ಒತ್ತಬಹುದು. ಬಲ ಸ್ಟಿಕ್ ಇರುವುದು ಹೆಚ್ಚಾಗಿ ಚಮತ್ಕಾರಗಳಿಗೆ. ಸದ್ಯಕ್ಕೆ ಅದನ್ನು ಬಿಟ್ಟುಬಿಡಬೇಕು. ಎಲ್ಲವನ್ನೂ ಮೊದಲ ದಿನವೇ ತುರುಕಿದರೆ ಯಾವುದೂ ಮೈಗೂಡುವುದಿಲ್ಲ.

ಸ್ಟಿಕ್ ಎಡ ಹೆಬ್ಬೆರಳಲ್ಲಿ, ಓಟ ಬಲಗಾಲಲ್ಲಿ, ಒದೆತ ಬಲ ಮುಂಗೈಯಲ್ಲಿ. ಕಾಗದದ ಮೇಲೆ ಬೇಕೆಂದಿದ್ದ ಮೂರು ಅಂಗಗಳು ಸಿಕ್ಕವು.

ಇನ್ನು ತೊಂದರೆಗಳು ಶುರು. ಗೋಲಿಗೆ ಒದೆಯಬೇಕಾದಾಗ ಪದೇಪದೇ ಪಾಸ್ ಹೋಗುತ್ತಿದ್ದರೆ ಮುಂಗೈ A ಮತ್ತು B ಎರಡನ್ನೂ ಮುಟ್ಟುತ್ತಿದೆ ಎಂದರ್ಥ. ಸಾಧನವನ್ನು ಸ್ವಲ್ಪ ತಿರುಗಿಸಿ, ಮುಂಗೈ ಬೀಳುವ ಗೆರೆಯಲ್ಲಿ ಒಂದೇ ಗುಂಡಿ ಇರುವಂತೆ ಮಾಡಿ. ಅದೂ ಸಾಲದಿದ್ದರೆ ಎಕ್ಸ್‌ಬಾಕ್ಸ್ ಆಕ್ಸೆಸರೀಸ್ ಆ್ಯಪ್‌ನಲ್ಲಿ ಎರಡೂ ಅಗಲ ಗುಂಡಿಗಳಿಗೆ Aಯನ್ನೇ ಕೊಟ್ಟು, Bಗೆ ಬೇರೆ ಸ್ವಿಚ್ ಹಾಕಿ. ಸ್ವಿಚ್ ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂಬ ಅನುಮಾನವಿದ್ದರೆ ಸಾಧನವನ್ನು ವಿಂಡೋಸ್ ಕಂಪ್ಯೂಟರಿಗೆ ಜೋಡಿಸಿ, ವಿಂಡೋಸ್ ಕೀ ಜೊತೆ R ಒತ್ತಿ, ಬರುವ ಚೌಕದಲ್ಲಿ ಹೀಗೆ ಟೈಪ್ ಮಾಡಿ:

```
joy.cpl
```

ಪಟ್ಟಿಯಲ್ಲಿ ಕಂಟ್ರೋಲರನ್ನು ಆರಿಸಿ ಪ್ರಾಪರ್ಟೀಸ್ ತೆರೆದರೆ, ಯಾವ ಗುಂಡಿ ಒತ್ತಿದಿರೋ ಅದರ ಸಂಖ್ಯೆ ಬೆಳಗುತ್ತದೆ. ಒತ್ತದೆಯೂ ಬೆಳಗುತ್ತಿದ್ದರೆ ತಪ್ಪು ವೈರಿನಲ್ಲಿದೆ, ಅಥವಾ ಯಾವುದೋ ಅಂಗ ಸ್ವಿಚ್ಚಿನ ಮೇಲೆ ಒರಗಿದೆ.

ಎರಡನೆಯ ತೊಂದರೆ ದಣಿವು. ಅದು ಮೊದಲ ಐದು ನಿಮಿಷದಲ್ಲಿ ಕಾಣುವುದಿಲ್ಲ. ಅರ್ಧ ಗಂಟೆ ಆಡಿದ ಮೇಲೆ ಮೀನಖಂಡ ಬಿಗಿಯುತ್ತಿದ್ದರೆ, ಓಟದ ಸ್ವಿಚ್ಚನ್ನು ಪಾದದ ಬಲದಿಂದ ಅದುಮಿ ಹಿಡಿಯಬೇಕಾಗಿ ಬಂದಿದೆ ಎಂದು ತಿಳಿಯಿರಿ. ಹಿಮ್ಮಡಿ ನೆಲಕ್ಕೂರಿ, ಪಾದದ ಭಾರಕ್ಕೇ ಸ್ವಿಚ್ ಒತ್ತಿಕೊಳ್ಳುವಂತೆ ಇಟ್ಟರೆ ಬಿಗಿತ ಕಡಿಮೆಯಾಗುತ್ತದೆ. ಒಮ್ಮೆ ಒತ್ತಿದರೆ ಕೂತು, ಮತ್ತೊಮ್ಮೆ ಒತ್ತಿದರೆ ಏಳುವ ಸ್ವಿಚ್ಚನ್ನೂ ಹಾಕಬಹುದು. ಆದರೆ ಫುಟ್‌ಬಾಲಿನಲ್ಲಿ ಅದಕ್ಕೂ ಬೆಲೆ ತೆರಬೇಕು: ಆಟಗಾರ ಸದಾ ಓಡುತ್ತಲೇ ಇದ್ದರೆ ಚೆಂಡು ಕಾಲಿನಿಂದ ದೂರ ಹೋಗುತ್ತದೆ, ಅವನ ದಮ್ಮೂ ಬೇಗ ಮುಗಿಯುತ್ತದೆ. ಕಾರ್ ರೇಸಿನಲ್ಲಿ ಇದೇ ಸ್ವಿಚ್ ವರವಾಗಬಲ್ಲದು. ಒಂದೊಂದು ಆಟಕ್ಕೆ ಒಂದೊಂದು ಜೋಡಣೆ ಬೇಕಾಗುವುದು ಹೀಗೆ, ಅಡಾಪ್ಟಿವ್ ಕಂಟ್ರೋಲರ್ ಮೂರು ಜೋಡಣೆಗಳನ್ನು ನೆನಪಿಟ್ಟುಕೊಳ್ಳುವುದೂ ಅದಕ್ಕೇ.

ಮೂರನೆಯದು ಜಾರುವಿಕೆ. ಒತ್ತಿದಾಗಲೆಲ್ಲ ಸ್ವಿಚ್ ಒಂದು ಕೂದಲೆಳೆ ಸರಿದರೂ ಕೆಲ ಹೊತ್ತಿನಲ್ಲಿ ಕಾಲು ಅದನ್ನು ಹುಡುಕುವಂತಾಗುತ್ತದೆ. ವೆಲ್ಕ್ರೋ ಪಟ್ಟಿಯಿಂದ ಹಲಗೆಗೆ ಅಂಟಿಸಿ, ಹಲಗೆಯ ಕೆಳಗೆ ಜಾರದ ರಬ್ಬರ್ ಹಾಸಿ.

ಪ್ಲೇಸ್ಟೇಷನ್ 5 ಇರುವವರಿಗೆ ಸೋನಿಯ ಆಕ್ಸೆಸ್ ಕಂಟ್ರೋಲರ್ ಇದೆ, 2023ರ ಡಿಸೆಂಬರಿನಲ್ಲಿ ಬಂದದ್ದು. ದುಂಡಗಿನ ತಟ್ಟೆಯಂತಿರುವ ಇದನ್ನು ಮೇಜಿನ ಮೇಲೆ ಯಾವ ದಿಕ್ಕಿಗೆ ಬೇಕಾದರೂ ತಿರುಗಿಸಿಟ್ಟುಕೊಳ್ಳಬಹುದು, ಸ್ಟಿಕ್ಕನ್ನು ಹತ್ತಿರ ದೂರ ಸರಿಸಬಹುದು. ಒಂದೇ ಗುಂಡಿಗೆ ಎರಡು ಕೆಲಸ ಕೊಡುವುದು, ಹಿಡಿದಿಡಬೇಕಾದ ಗುಂಡಿಯನ್ನು ಒಮ್ಮೆ ಮುಟ್ಟಿ ಬಿಡುವಂತೆ ಮಾಡುವುದು ಇದರ ಸೆಟ್ಟಿಂಗ್‌ನಲ್ಲೇ ಸಾಧ್ಯ. ಹೊರಗಿನ ಸ್ವಿಚ್‌ಗಳಿಗೆ ಮಾತ್ರ ನಾಲ್ಕೇ ತೂತು. ಕೈಯಲ್ಲಿ ಸ್ವಲ್ಪ ಬಲ ಉಳಿದವರಿಗೆ ಇದು ಸಲೀಸು, ದೇಹದ ನಾನಾ ಭಾಗಗಳಿಗೆ ಸ್ವಿಚ್ ಹಂಚಬೇಕಾದವರಿಗೆ ಎಕ್ಸ್‌ಬಾಕ್ಸ್‌ನದೇ ಅನುಕೂಲ.

ಸ್ವಿಚ್‌ಗಳಿಗೆ ದುಬಾರಿ ಬೆಲೆ ಕೊಡಲೇಬೇಕೆಂದಿಲ್ಲ. ಒತ್ತಿದಾಗ ಎರಡು ತಂತಿ ಕೂಡಿ, ಬಿಟ್ಟಾಗ ಅಗಲುವ ಸಾದಾ ಪುಶ್ ಬಟನ್, ಎರಡೆಳೆ ವೈರ್, 3.5 ಮಿಲಿಮೀಟರಿನ ಮೋನೋ ಪಿನ್: ಇಷ್ಟನ್ನು ಬೆಸುಗೆ ಹಾಕಿದರೆ ಸ್ವಿಚ್ ಸಿದ್ಧ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಇವೆಲ್ಲ ಬಿಡಿಬಿಡಿಯಾಗಿ ಸಿಗುತ್ತವೆ. ಅದಕ್ಕೆ ಬ್ಯಾಟರಿಯನ್ನಾಗಲಿ ಹೊರಗಿನ ಕರೆಂಟನ್ನಾಗಲಿ ಜೋಡಿಸಲೇಬಾರದು. ಮುಖ್ಯ ಕಂಟ್ರೋಲರ್ ಕೊಳ್ಳುವಾಗ ಮಾತ್ರ ಅಗ್ಗದ ಬೆಲೆಗೆ ಮರುಳಾಗಬೇಡಿ. 2023ರ ನವೆಂಬರಿನಿಂದ ಎಕ್ಸ್‌ಬಾಕ್ಸ್ ಕನ್ಸೋಲ್‌ಗಳು ಪರವಾನಗಿ ಇಲ್ಲದ ಕಂಟ್ರೋಲರ್‌ಗಳನ್ನು ತಡೆಯುತ್ತಿವೆ.

ಕೊಳ್ಳುವ ಮುಂಚೆ ಒಂದು ಮಾತು. ಕಾಗದದ ಪಟ್ಟಿ ಮೊದಲು, ರಿಮ್ಯಾಪಿಂಗ್ ಆಮೇಲೆ, ಅದಾದ ಮೇಲೂ ಯಾವ ಗುಂಡಿಗೆ ಅಂಗ ಸಿಗಲಿಲ್ಲವೋ ಅದಕ್ಕೆ ಮಾತ್ರ ಸ್ವಿಚ್. ಯಾವ ಚಲನೆಯನ್ನು ನೂರಾರು ಸಲ ಮಾಡಿದರೂ ನೋವಾಗದು, ಯಾವುದನ್ನು ಮಾಡಲೇಬಾರದು ಎಂಬುದನ್ನು ನಿಮ್ಮ ಆಕ್ಯುಪೇಶನಲ್ ಥೆರಪಿಸ್ಟ್ ಹತ್ತಿರ ಕೇಳಿ ತಿಳಿದುಕೊಳ್ಳಿ, ಹೋಗುವಾಗ ಆ ಪಟ್ಟಿಯನ್ನೂ ಜೊತೆಗೊಯ್ಯಿರಿ.